ಓವನ್ ರೆಸಿಪಿ, ಏರ್ ಫ್ರೈಯರ್ ಅಡುಗೆ: ಎಷ್ಟು ಕಳೆಯಬೇಕು, ಎಲ್ಲಿ ಕಳೆಯಬಾರದು

ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಅಡುಗೆಮನೆಗಳಲ್ಲಿ ಓವನ್ ಎಂದೂ ರೂಢಿಯ ಸಾಮಾನಾಗಿರಲಿಲ್ಲ. ರೊಟ್ಟಿಗೆ ಹಂಚು ಇತ್ತು, ಪಲ್ಯಕ್ಕೆ ಒಲೆ ಇತ್ತು, ಬಿಸ್ಕತ್ತು, ಬನ್ನು, ನಾನ್‌ಖಟಾಯಿ ಬೇಕಾದರೆ ಬೇಕರಿಯ ಭಟ್ಟಿ ಇತ್ತು. ಹೀಗಾಗಿ ಬಾಗಲವಾಡದಂಥ ಊರಿನ ಮನೆಯೊಂದಕ್ಕೆ ಏರ್ ಫ್ರೈಯರ್ ಬಂದರೆ, ಬಹಳ ಸಲ ಅದೇ ಆ ಮನೆಯ ಮೊದಲ ಬೇಕಿಂಗ್ ಯಂತ್ರ. ತೊಡಕು ಇಲ್ಲಿಂದಲೇ ಶುರು. ಯಂತ್ರ ಹೊಸದು, ಆದರೆ ಕೈಗೆ ಸಿಗುವ ರೆಸಿಪಿಗಳು ಹಳೆಯ ಓವನ್‌ಗೆ ಬರೆದವು. ಜೋಳದ ಹಿಟ್ಟಿನ ಬಿಸ್ಕತ್ತಾಗಲಿ, ರವೆ ಕೇಕ್ ಆಗಲಿ, ತಂದೂರಿ ಕೋಳಿಯಾಗಲಿ, ಎಲ್ಲದರ ಕೊನೆಗೂ ‘180 ಡಿಗ್ರಿಯಲ್ಲಿ 20 ನಿಮಿಷ’ ಎಂಬಂಥ ಒಂದು ಸಾಲು ಇರುತ್ತದೆ. ಅದನ್ನು ಹಾಗೆಯೇ ಏರ್ ಫ್ರೈಯರ್‌ನಲ್ಲಿ ಒತ್ತಿದರೆ ಮೇಲ್ಭಾಗ ಕರಕಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇದಕ್ಕೆ ಎಲ್ಲರೂ ಹೇಳುವ ಪರಿಹಾರವೊಂದಿದೆ: ಕಾವಿನಲ್ಲಿ 20 ಡಿಗ್ರಿ ಕಳೆಯಿರಿ, ಸಮಯದಲ್ಲಿ ಐದನೇ ಒಂದು ಭಾಗ ಕಳೆಯಿರಿ. ಈ ಸೂತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಅದು ಯಾವ ತಿನಿಸಿಗೆ ಸರಿಹೋಗುತ್ತದೆ, ಯಾವುದಕ್ಕೆ ಕೈಕೊಡುತ್ತದೆ ಎಂದು ತಿಳಿಯಬೇಕಾದರೆ ಯಂತ್ರದೊಳಗೆ ನಡೆಯುವುದೇನು ಎಂದು ಮೊದಲು ನೋಡಬೇಕು.

ಸಾಮಾನ್ಯ ಓವನ್ ಅಥವಾ ಮನೆಬಳಕೆಯ ಓಟಿಜಿಯಲ್ಲಿ ಮೇಲೆ, ಕೆಳಗೆ ಕಾಯುವ ಸಲಾಕೆಗಳಿರುತ್ತವೆ. ನಡುವಿನ ಗಾಳಿ ಹೆಚ್ಚು ಅಲುಗಾಡುವುದಿಲ್ಲ. ಒಳಗಿಟ್ಟ ತಿನಿಸಿನಿಂದ ಹೊರಟ ಹಬೆ ಅದರ ಸುತ್ತಲೇ ತೆಳುವಾದ ಪದರವಾಗಿ ನಿಲ್ಲುತ್ತದೆ. ಈ ಪದರ ಓವನ್‌ನ ಗಾಳಿಗಿಂತ ತಂಪು, ತೇವವೂ ಹೌದು. ಹೊರಗಿನ ಕಾವು ಇದನ್ನು ದಾಟಿಕೊಂಡೇ ತಿನಿಸನ್ನು ಮುಟ್ಟಬೇಕು. ಏರ್ ಫ್ರೈಯರ್‌ನಲ್ಲಿ ಕಾಯುವ ಸುರುಳಿ ತಲೆಯ ಮೇಲೇ ಇದೆ, ಅದರ ಹಿಂದೆಯೇ ಫ್ಯಾನ್ ಇದೆ. ಪೆಟ್ಟಿಗೆ ಚಿಕ್ಕದು, ಬುಟ್ಟಿಯ ತಳಕ್ಕೆ ತೂತುಗಳಿವೆ. ಬಿಸಿಗಾಳಿ ಜೋರಾಗಿ ಸುತ್ತುತ್ತಾ ಆ ತೇವದ ಪದರವನ್ನು ಎತ್ತಿಕೊಂಡು ಹೋಗುತ್ತಲೇ ಇರುತ್ತದೆ. ನೆರಳಲ್ಲಿ ಹಾಕಿದ ಹಸಿ ಅರಿವೆ ಗಾಳಿ ಬೀಸಿದ ದಿನ ಬೇಗ ಒಣಗುವಂತೆ ಇಲ್ಲಿ ತಿನಿಸಿನ ಮೇಲ್ಮೈ ಬೇಗ ಒಣಗುತ್ತದೆ. ಮೇಲ್ಮೈಯಲ್ಲಿ ನೀರಿರುವ ತನಕ ಅದರ ಕಾವು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀರು ಹೋದ ಮೇಲೆ ಕಾವು ಮೇಲೇರಿ, ಸುಮಾರು 140 ಡಿಗ್ರಿ ದಾಟಿದಾಗ ಕೆಂಬಣ್ಣ, ಗರಿಗರಿ, ಘಮ ಎಲ್ಲ ಬೇಗಬೇಗ ಹುಟ್ಟುತ್ತವೆ. ಇದು ಹೊಸ ಕಂಡುಹಿಡಿತವೇನಲ್ಲ. ಫ್ಯಾನ್ ಇರುವ ಕನ್ವೆಕ್ಷನ್ ಓವನ್‌ಗಳು ಬೇಕರಿಗಳಲ್ಲಿ ಬಹಳ ಹಿಂದಿನಿಂದಲೂ ಇವೆ. 2010ರಲ್ಲಿ ಫಿಲಿಪ್ಸ್ ಕಂಪನಿ ಅದೇ ತತ್ವವನ್ನು ಚಿಕ್ಕ ಪೆಟ್ಟಿಗೆಯಲ್ಲಿ ಕೂಡಿಸಿ ‘ಏರ್‌ಫ್ರೈಯರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಗಮನಿಸಬೇಕಾದ್ದು ಒಂದೇ: ಗಾಳಿ ಅವಸರಪಡಿಸುವುದು ಮೇಲ್ಮೈಯನ್ನು ಮಾತ್ರ, ಒಡಲನ್ನಲ್ಲ. ಮೇಲ್ಮೈಯಿಂದ ನಡುವಿಗೆ ಕಾವು ಇಳಿಯುವ ವೇಗವನ್ನು ನಿರ್ಧರಿಸುವುದು ಹಿಟ್ಟು, ಮಾಂಸ ಅಥವಾ ತರಕಾರಿಯ ಗುಣ ಮತ್ತು ಅದರ ದಪ್ಪ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಆ ಇಳಿಯುವಿಕೆ ತನ್ನ ನಡಿಗೆಯಲ್ಲೇ ಸಾಗುತ್ತದೆ. ಅಷ್ಟೇ ಅಲ್ಲ, ದಪ್ಪ ಎರಡು ಪಟ್ಟಾದರೆ ಕಾವು ನಡುವಿಗೆ ಮುಟ್ಟಲು ಬೇಕಾದ ಸಮಯ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ರೆಸಿಪಿಯನ್ನು ಬದಲಿಸುವ ಮುನ್ನ ಕೇಳಬೇಕಾದವು ಎರಡು ಪ್ರಶ್ನೆಗಳು. ತಿನಿಸು ಎಷ್ಟು ದಪ್ಪವಿದೆ? ಗಾಳಿ ಅದರ ಎಷ್ಟು ಮಗ್ಗುಲು ಮುಟ್ಟುತ್ತದೆ? ಬೆರಳಿನಷ್ಟು ತೆಳ್ಳಗಿದ್ದರೆ ಮೇಲ್ಮೈ ಮತ್ತು ಒಡಲು ಹೆಚ್ಚುಕಡಿಮೆ ಒಟ್ಟಿಗೇ ಬೇಯುತ್ತವೆ, ಸೂತ್ರ ಸರಿಹೋಗುತ್ತದೆ. ದಪ್ಪವಿದ್ದರೂ ಎಲ್ಲ ಕಡೆಯಿಂದ ಗಾಳಿ ಹೊಡೆದರೆ ಸಮಯ ಉಳಿಯುತ್ತದೆ. ದಪ್ಪವೂ ಇದ್ದು, ಡಬ್ಬಿಯೊಳಗೆ ಕುಳಿತು, ಮೇಲಿಂದ ಮಾತ್ರ ಗಾಳಿ ಮುಟ್ಟುವಂತಿದ್ದರೆ ಸಮಯ ಕಳೆಯುವ ಮಾತೇ ಇಲ್ಲ, ಕಾವನ್ನು ಮಾತ್ರ ಇನ್ನಷ್ಟು ಇಳಿಸಬೇಕು.

ತೆಳುವಾದದ್ದು: ಜೋಳದ ನಾನ್‌ಖಟಾಯಿ

ಜೋಳದ ಸೀಮೆಯಲ್ಲಿ ಮೊದಲ ಉದಾಹರಣೆಗೆ ಜೋಳದ ನಾನ್‌ಖಟಾಯಿಗಿಂತ ತಕ್ಕದ್ದು ಬೇರೆ ಇಲ್ಲ. ಓವನ್‌ಗೆ ಬರೆದ ರೆಸಿಪಿ ಹೀಗಿದೆ ಎಂದುಕೊಳ್ಳೋಣ: ಜೋಳದ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಸಕ್ಕರೆ ಪುಡಿ 75 ಗ್ರಾಂ, ಗಟ್ಟಿಯಾದ ತುಪ್ಪ 80 ಗ್ರಾಂ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ, ಹಿಟ್ಟು ಕೂಡಿಕೊಳ್ಳಲು ಒಂದು ದೊಡ್ಡ ಚಮಚ ಹಾಲು. ಇದರಲ್ಲಿ 20 ಗ್ರಾಂ ತೂಕದ ಸುಮಾರು 16 ಉಂಡೆಗಳಾಗುತ್ತವೆ. ಅವನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಒತ್ತಿ, 180 ಡಿಗ್ರಿಗೆ ಕಾಯಿಸಿದ ಓವನ್‌ನಲ್ಲಿ 20 ನಿಮಿಷ ಇಡಬೇಕು ಎನ್ನುತ್ತದೆ ರೆಸಿಪಿ. ಈಗ ಬದಲಾವಣೆ. ಬಿಸ್ಕತ್ತು ತೆಳು, ಆದ್ದರಿಂದ ಸೂತ್ರ ಇಲ್ಲಿ ನಡೆಯುತ್ತದೆ: 180ರಲ್ಲಿ 20 ಕಳೆದರೆ 160 ಡಿಗ್ರಿ, 20 ನಿಮಿಷದಲ್ಲಿ ಐದನೇ ಒಂದು ಭಾಗ ಕಳೆದರೆ 16 ನಿಮಿಷ. ಆದರೆ 16 ಎಂಬುದು ತೆಗೆಯುವ ಹೊತ್ತಲ್ಲ, ತಡವೆಂದರೆ ಅಷ್ಟು ಎಂಬ ಲೆಕ್ಕ. ಮೊದಲ ಸಲ ಬುಟ್ಟಿ ಎಳೆದು ನೋಡಬೇಕಾದದ್ದು 12ನೇ ನಿಮಿಷಕ್ಕೆ. ಯಾವ ರೆಸಿಪಿಗಾದರೂ ಮೂಲ ಸಮಯದ ಅರ್ಧಕ್ಕಿಂತ ತುಸು ಹೆಚ್ಚಾದಾಗ ಒಮ್ಮೆ ನೋಡುವುದು ಒಳ್ಳೆಯದು. ಏರ್ ಫ್ರೈಯರ್‌ನ ಬುಟ್ಟಿ ಎಳೆದರೆ ಹೊರಹೋಗುವ ಕಾವು ಕಡಿಮೆ, ಮರಳಿ ಹಾಕಿದ ಕೂಡಲೇ ಅದು ತುಂಬಿಕೊಳ್ಳುತ್ತದೆ, ಹೀಗಾಗಿ ನೋಡುವುದರಿಂದ ಬಿಸ್ಕತ್ತಿಗೆ ನಷ್ಟವಿಲ್ಲ.

ಬಿಸ್ಕತ್ತು ಹಾಕುವ ಮೊದಲು ಯಂತ್ರವನ್ನು ನಾಲ್ಕೈದು ನಿಮಿಷ ಖಾಲಿಯಾಗಿ ಓಡಿಸಿ ಕಾಯಿಸಿಕೊಳ್ಳಬೇಕು. ಏರ್ ಫ್ರೈಯರ್‌ಗೆ ಇದು ಬೇಕಿಲ್ಲ ಎನ್ನುವವರಿದ್ದಾರೆ. ಆಲೂಗಡ್ಡೆ ತುಂಡಿಗೆ ಆ ಮಾತು ನಡೆದೀತು, ತುಪ್ಪದ ಹಿಟ್ಟಿಗೆ ನಡೆಯದು. ಏಕೆಂದರೆ ತುಪ್ಪ ಮೈಕಾವಿನಷ್ಟರಲ್ಲೇ ಕರಗುತ್ತದೆ. ತಣ್ಣನೆಯ ಬುಟ್ಟಿಯಲ್ಲಿ ನಿಧಾನವಾಗಿ ಕಾವೇರಿದರೆ, ಹಿಟ್ಟು ಗಟ್ಟಿಯಾಗುವ ಮುನ್ನವೇ ತುಪ್ಪ ಹರಿದು ಬಿಸ್ಕತ್ತು ಚಪ್ಪಟೆಯಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಈ ಕಷ್ಟ ಇಮ್ಮಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತದೆ. ಆ ದಿನಗಳಲ್ಲಿ ತುಪ್ಪವನ್ನು ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡು ಸಕ್ಕರೆಯೊಂದಿಗೆ ತಿಕ್ಕಬೇಕು, ತಟ್ಟಿದ ಬಿಸ್ಕತ್ತುಗಳನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ತಣ್ಣಗಿರುವ ಹಿಟ್ಟಿಗೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಆಕಾರ ಉಳಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲವಾದ್ದರಿಂದ ಹರಿದ ಬಿಸ್ಕತ್ತು ಎತ್ತುವಾಗಲೇ ಪುಡಿಯಾಗುತ್ತದೆ. ಆದ್ದರಿಂದ ಈ ಹೆಜ್ಜೆ ಬಿಡುವಂತಿಲ್ಲ.

ಬುಟ್ಟಿಯ ತಳಕ್ಕೆ ಏನು ಹಾಸಬೇಕು ಎಂಬುದೂ ಸಮಯದ ಲೆಕ್ಕದಲ್ಲಿ ಸೇರುತ್ತದೆ. ತಳವನ್ನು ಪೂರ್ತಿ ಮುಚ್ಚುವಂತೆ ತಟ್ಟೆಯನ್ನೋ ಹಾಳೆಯನ್ನೋ ಇಟ್ಟರೆ ತೂತುಗಳು ಮುಚ್ಚಿಕೊಂಡು ಕೆಳಗಿನ ಗಾಳಿ ನಿಲ್ಲುತ್ತದೆ. ಆಗ ಮೇಲೆ ಕೆಂಪಾದ ಬಿಸ್ಕತ್ತು ಕೆಳಗೆ ಬಿಳಿಚಿಕೊಂಡಿರುತ್ತದೆ. ಬೇಕಿಂಗ್ ಹಾಳೆಯನ್ನು ಬುಟ್ಟಿಗಿಂತ ಒಂದು ಬೆರಳು ಚಿಕ್ಕದಾಗಿ ಕತ್ತರಿಸಿ, ಅಲ್ಲಲ್ಲಿ ತೂತು ಮಾಡಿ, ಬಿಸ್ಕತ್ತುಗಳನ್ನು ಮೇಲಿಟ್ಟ ನಂತರವೇ ಒಳಗೆ ಹಾಕಬೇಕು. ಖಾಲಿ ಹಾಳೆಯನ್ನು ಬುಟ್ಟಿಯಲ್ಲಿಟ್ಟು ಯಂತ್ರ ಕಾಯಿಸಲೇಬಾರದು. ಗಾಳಿಗೆ ಹಾರಿದ ಹಾಳೆ ತಲೆಯ ಮೇಲಿನ ಸುರುಳಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಬಿಸ್ಕತ್ತುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬೇಕು. ನಾಲ್ಕು ಲೀಟರ್‌ನ ಬುಟ್ಟಿಯಲ್ಲಿ ಹೀಗೆ ಐದಾರು ಬಿಸ್ಕತ್ತು ಹಿಡಿಯುತ್ತವೆ, ಅಂದರೆ 16 ಬಿಸ್ಕತ್ತಿಗೆ ಮೂರು ಸರತಿ. ಎರಡನೇ ಸರತಿಗೆ ಬುಟ್ಟಿಯ ಲೋಹ ಚೆನ್ನಾಗಿ ಕಾದಿರುತ್ತದೆ, ಹಾಗಾಗಿ ಒಂದೆರಡು ನಿಮಿಷ ಮುಂಚೆಯೇ ನೋಡಬೇಕು. ಇದನ್ನು ಮರೆತರೆ ಮೊದಲ ಸರತಿ ಚಂದ ಬಂದು ಎರಡನೆಯದು ಕರಕಾಗುತ್ತದೆ, ತಪ್ಪು ಎಲ್ಲಿ ಎಂದು ತಿಳಿಯುವುದೇ ಇಲ್ಲ.

ಬೆಂದಿದೆ ಎಂದು ತಿಳಿಯುವುದು ಹೇಗೆ? ಜೋಳದ ಹಿಟ್ಟು ಸ್ವಭಾವತಃ ಬೂದು ಛಾಯೆಯದು, ಆದ್ದರಿಂದ ಮೈದಾ ಬಿಸ್ಕತ್ತಿನಂತೆ ಮೇಲಿನ ಹೊಂಬಣ್ಣ ನೋಡಿ ತೀರ್ಮಾನಿಸಲಾಗದು. ಅಂಚು ಕೆಂಪಾಗಿದೆಯೇ ನೋಡಬೇಕು, ಮೇಲೆ ಬಿರುಕು ಬಿಟ್ಟಿದೆಯೇ ನೋಡಬೇಕು, ಹಸಿ ಹಿಟ್ಟಿನ ವಾಸನೆ ಹೋಗಿ ಹುರಿದ ಜೋಳದ ಘಮ ಬಂದಿದೆಯೇ ಗಮನಿಸಬೇಕು. ಬಿಸಿಯಿದ್ದಾಗ ನಾನ್‌ಖಟಾಯಿ ಮೆತ್ತಗೇ ಇರುತ್ತದೆ, ಗಟ್ಟಿಯಾಗುವುದು ಆರಿದ ಮೇಲೆ. ಮೆತ್ತಗಿದೆ ಎಂದು ಮತ್ತೆ ಐದು ನಿಮಿಷ ಇಟ್ಟರೆ ಅದು ಕಲ್ಲಾಗುತ್ತದೆ. ಬುಟ್ಟಿಯಲ್ಲೇ ಹತ್ತು ನಿಮಿಷ ಆರಲು ಬಿಟ್ಟು, ಒಂದನ್ನು ಮುರಿದು ನೋಡಿ. ನಡುವೆ ಒದ್ದೆಯ ಗೆರೆ ಕಂಡರೆ 140 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಮರಳಿ ಇಟ್ಟರೆ ಸಾಕು. ಆ ಕಾವಿನಲ್ಲಿ ಒಳಗಿನ ತೇವ ಹೋಗುತ್ತದೆ, ಮೇಲಿನ ಬಣ್ಣ ಹೆಚ್ಚೇನೂ ಬದಲಾಗುವುದಿಲ್ಲ.

ದಪ್ಪವಾದದ್ದು: ಡಬ್ಬಿಯಲ್ಲಿ ಕುಳಿತ ಕೇಕ್

ಸೂತ್ರ ಕೈಕೊಡುವುದು ಕೇಕ್‌ನಲ್ಲಿ. ಎಂಟು ಇಂಚಿನ ಡಬ್ಬಿಯಲ್ಲಿ, 180 ಡಿಗ್ರಿಯಲ್ಲಿ 40 ನಿಮಿಷ ಬೇಯುವ ರವೆ ಕೇಕ್ ರೆಸಿಪಿಯನ್ನು ತೆಗೆದುಕೊಳ್ಳಿ. ಮೊದಲ ಬದಲಾವಣೆ ಕಾವಿನದ್ದಲ್ಲ, ಡಬ್ಬಿಯದು. ಡಬ್ಬಿಯ ಸುತ್ತ ಒಂದೆರಡು ಬೆರಳು ಜಾಗ ಬಿಡದಿದ್ದರೆ ಗಾಳಿ ಕೆಳಗೆ ಇಳಿಯುವುದೇ ಇಲ್ಲ, ಹೀಗಾಗಿ ಸಾಮಾನ್ಯ ಬುಟ್ಟಿಗೆ ಆರು ಇಂಚಿನ ಡಬ್ಬಿಯೇ ಹೊಂದುತ್ತದೆ. ಎಂಟು ಇಂಚಿನ ವೃತ್ತಕ್ಕೆ ಹೋಲಿಸಿದರೆ ಆರು ಇಂಚಿನ ವೃತ್ತದ ವಿಸ್ತೀರ್ಣ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಆದ್ದರಿಂದ ಹಿಟ್ಟನ್ನೂ ಅರ್ಧ ಮಾಡಬೇಕು. ಪೂರ್ತಿ ಹಿಟ್ಟನ್ನು ಚಿಕ್ಕ ಡಬ್ಬಿಗೆ ಸುರಿದರೆ ಆಳ ಸುಮಾರು ಎರಡು ಪಟ್ಟಾಗುತ್ತದೆ. ದಪ್ಪ ಮತ್ತು ಸಮಯದ ಸಂಬಂಧ ಮೇಲೆ ಹೇಳಿದಂತಿರುವಾಗ ಅಂಥ ಕೇಕ್‌ನ ನಡುಭಾಗ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹಿಟ್ಟು ಡಬ್ಬಿಯ ಅರ್ಧ ಅಥವಾ ಅದಕ್ಕಿಂತ ತುಸು ಮೇಲಿದ್ದರೆ ಸಾಕು. ಕೇಕ್ ಉಬ್ಬಿ ಸುರುಳಿಗೆ ಹತ್ತಿರವಾದರೆ ಅದರ ನೆತ್ತಿ ಸುಟ್ಟುಹೋಗುತ್ತದೆ.

ಇನ್ನು ಕಾವು. ಸೂತ್ರದಂತೆ 160 ಡಿಗ್ರಿ, 32 ನಿಮಿಷ ಇಟ್ಟರೆ ಆಗುವುದು ಇದು: ಮೇಲಿಂದ ಬೀಸುವ ಬಿಸಿಗಾಳಿ ಹತ್ತು ಹನ್ನೆರಡು ನಿಮಿಷದಲ್ಲೇ ಹಿಟ್ಟಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಕೆಳಗಿನ ಹಿಟ್ಟು ಆಮೇಲೆ ಉಬ್ಬಲು ಹೊರಟಾಗ ದಾರಿ ಸಿಗದೆ ಆ ಪದರವನ್ನು ಸೀಳಿಕೊಂಡು ಮೇಲೆ ಬರುತ್ತದೆ. ನೆತ್ತಿ ಗುಡ್ಡದಂತೆ ಎದ್ದು ಒಡೆಯುತ್ತದೆ, ಕಂದುಬಣ್ಣ ಬರುತ್ತದೆ, ಚಾಕು ಚುಚ್ಚಿದರೆ ಹಸಿ ಹಿಟ್ಟು ಅಂಟಿಕೊಂಡು ಬರುತ್ತದೆ. ಆಗ ಬಹಳ ಜನ ಮಾಡುವುದು ಸಮಯ ಹೆಚ್ಚಿಸುವುದು. ಮೇಲೆ ಕರಕಾಗುತ್ತದೆಯೇ ಹೊರತು ಅದರಿಂದ ಲಾಭವಿಲ್ಲ. ಸರಿಯಾದ ದಾರಿ ಬೇರೆ: ಕಾವಿನಲ್ಲಿ 20ರ ಬದಲು 30 ಡಿಗ್ರಿ ಕಳೆದು 150ಕ್ಕೆ ಇಡುವುದು, ಸಮಯವನ್ನು ಕಳೆಯದೆ 35ರಿಂದ 40 ನಿಮಿಷ ಎಂದೇ ಲೆಕ್ಕ ಹಿಡಿಯುವುದು. ಜೊತೆಗೆ ಮೊದಲ 20 ನಿಮಿಷ ಡಬ್ಬಿಯ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಬೇಕು. ಹಿಟ್ಟು ಉಬ್ಬಲು ಜಾಗವಿರುವಂತೆ ಸಡಿಲವಾಗಿ ಕಟ್ಟಿ, ಅಂಚನ್ನು ಮಾತ್ರ ಡಬ್ಬಿಯ ತುಟಿಯ ಕೆಳಗೆ ಬಿಗಿಯಾಗಿ ಮಡಚಬೇಕು, ಇಲ್ಲದಿದ್ದರೆ ಫ್ಯಾನ್ ಅದನ್ನು ಎತ್ತಿಬಿಡುತ್ತದೆ. ಫಾಯಿಲ್ ಮುಚ್ಚುವುದೆಂದರೆ ಗಾಳಿಯನ್ನು ತಡೆದು ಏರ್ ಫ್ರೈಯರ್ ಅನ್ನು ಅಷ್ಟು ಹೊತ್ತು ಸಾದಾ ಓವನ್ ಮಾಡಿಕೊಂಡಂತೆ. ಒಡಲು ಹದಕ್ಕೆ ಬಂದ ಮೇಲೆ ಅದನ್ನು ತೆಗೆದು ಬಣ್ಣಕ್ಕೆ ಗಾಳಿಯನ್ನು ಬಿಡಬೇಕು. 30ನೇ ನಿಮಿಷಕ್ಕೆ ನಡುವಿಗೆ ಕಡ್ಡಿ ಚುಚ್ಚಿ ನೋಡಿ, ಅದಕ್ಕೂ ಮುಂಚೆ ಚುಚ್ಚಿದರೆ ಕೇಕ್ ಕುಸಿಯಬಹುದು.

ಮೂರನೆಯ ಬಗೆ ಇವೆರಡರ ನಡುವಿನದು: ದಪ್ಪವಿದೆ, ಆದರೆ ಡಬ್ಬಿಯಲ್ಲಿಲ್ಲ. ಕೋಳಿಯ ಕಾಲು ಇದಕ್ಕೆ ಒಳ್ಳೆಯ ನಿದರ್ಶನ. ಓವನ್ ರೆಸಿಪಿ 200 ಡಿಗ್ರಿ, 45 ನಿಮಿಷ ಎಂದರೆ ಏರ್ ಫ್ರೈಯರ್‌ನಲ್ಲಿ 180 ಡಿಗ್ರಿ, 30ರಿಂದ 35 ನಿಮಿಷ ಹಿಡಿಯುತ್ತದೆ. ಕಾಲುಗಳನ್ನು ಒಂದರ ಮೇಲೊಂದು ಪೇರಿಸದೆ, ನಡುವೆ ಜಾಗ ಬಿಟ್ಟಿಟ್ಟು, ಅರ್ಧ ಸಮಯಕ್ಕೆ ಮಗ್ಗುಲು ಬದಲಿಸಿದರೆ ಎಲ್ಲ ಕಡೆಯಿಂದ ಗಾಳಿ ಹೊಡೆಯುತ್ತದೆ, ಸಮಯ ಉಳಿಯುವುದು ಅದರಿಂದಲೇ. ಇಲ್ಲಿ ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಮಸಾಲೆಯಲ್ಲಿರುವ ಮೊಸರು, ಖಾರದ ಪುಡಿ ಎರಡೂ ಗಾಳಿಗೆ ಬೇಗ ಕೆಂಪಾಗುತ್ತವೆ, ಎಲುಬಿನ ಬಳಿಯ ಮಾಂಸ ಆಗಿನ್ನೂ ಹಸಿ ಇರಬಹುದು. ಅಡುಗೆಯ ಥರ್ಮಾಮೀಟರ್ ಇದ್ದರೆ ಎಲುಬಿಗೆ ತಾಗದಂತೆ ಅತಿ ದಪ್ಪನೆಯ ಜಾಗಕ್ಕೆ ಚುಚ್ಚಿ, 74 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಅಲ್ಲಿ ಚಾಕುವಿನಿಂದ ಸೀಳಿ ನೋಡಿ, ಗುಲಾಬಿ ಬಣ್ಣ ಹೋಗಿ ರಸ ತಿಳಿಯಾಗಿರಬೇಕು. ಮೇಲೆ ಕೆಂಪಾಗಿ ಒಳಗೆ ಹಸಿಯಿದ್ದರೆ ಕಾವನ್ನು 160ಕ್ಕೆ ಇಳಿಸಿ ಮುಂದುವರಿಸುವುದೇ ಸರಿ.

ಸೂತ್ರ ಒಂದೇ ಇದ್ದರೆ ಸಾಲದೇ?

ಇಷ್ಟೆಲ್ಲ ಏಕೆ, ಕಾವು ಮುಟ್ಟದೆ ಸಮಯ ಮಾತ್ರ ಕಡಿಮೆ ಮಾಡಿದರೆ ಆಗದೇ ಎಂದು ಕೇಳಬಹುದು. ತೆಳುವಾದ ಹಪ್ಪಳಕ್ಕೋ ಬ್ರೆಡ್ ತುಂಡಿಗೋ ಅದು ನಡೆಯುತ್ತದೆ. ಬೇಯಲು ಒಡಲೇ ಇಲ್ಲದ ಕಡೆ ಮೇಲ್ಮೈಯ ಲೆಕ್ಕ ಒಂದೇ ಸಾಕು. ಉಳಿದ ಕಡೆ ಸಮಯ ಮಾತ್ರ ಕಳೆದರೆ ನಷ್ಟವಾಗುವುದು ನಡುಭಾಗಕ್ಕೆ, ಏಕೆಂದರೆ ಅದಕ್ಕೆ ಸಿಗಬೇಕಾದ ನಿಮಿಷಗಳನ್ನೇ ಕಿತ್ತುಕೊಂಡಂತಾಗುತ್ತದೆ. ಕಾವು ಇಳಿಸುವ ಉದ್ದೇಶವೇ ಮೇಲ್ಮೈಯನ್ನು ತಡೆದು ಒಡಲಿಗೆ ಸಮಯ ಕೊಡುವುದು. ಯಂತ್ರದ ಮೇಲೆಯೇ ಕೇಕ್, ಕೋಳಿ, ಮೀನು ಎಂದು ಗುಂಡಿಗಳಿವೆಯಲ್ಲ ಎಂಬ ಮಾತೂ ಇದೆ. ಆ ಗುಂಡಿ ಒಂದು ಕಾವು, ಒಂದು ಸಮಯವನ್ನು ಒತ್ತುವ ಕೆಲಸ ಮಾಡುತ್ತದೆ ಅಷ್ಟೇ. ನಿಮ್ಮ ಡಬ್ಬಿ ಎಷ್ಟು ಆಳ, ಬಿಸ್ಕತ್ತು ಎಷ್ಟು ದಪ್ಪ ಎಂದು ಅದಕ್ಕೆ ತಿಳಿಯದು. ಇನ್ನೊಂದು ಎಚ್ಚರ ರೆಸಿಪಿಯ ಮೂಲದ ಬಗ್ಗೆ. ಅದರಲ್ಲಿ ಫ್ಯಾನ್ ಓವನ್ ಅಥವಾ ಕನ್ವೆಕ್ಷನ್ ಎಂದು ಬರೆದಿದ್ದರೆ ಬರೆದವರು ಕಾವನ್ನು ಆಗಲೇ ಇಳಿಸಿರುತ್ತಾರೆ, ಮತ್ತೆ ಇಳಿಸಿದರೆ ತಿನಿಸು ಬಣ್ಣವಿಲ್ಲದೆ ಒಣಗುತ್ತದೆ. ಅಮೆರಿಕದಿಂದ ಬಂದ ರೆಸಿಪಿಯಲ್ಲಿ 350 ಎಂದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 175 ಡಿಗ್ರಿ. ಅದರಲ್ಲಿ 20 ಕಳೆದು 155 ಇಡಬೇಕು. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಯಾವ ಫ್ಯಾರನ್‌ಹೀಟ್ ಅಂಕಿಯೂ ಸೆಲ್ಸಿಯಸ್‌ಗೆ ಬರುತ್ತದೆ.

ಸೂತ್ರಕ್ಕೆ ಸಿಗದ ಇನ್ನೊಂದು ಸಂಗತಿ ಕರೆಂಟಿನದು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ಒಂದು ಮನೆಯ ಪ್ಲಗ್ಗಿಗೆ ಎಷ್ಟು ವೋಲ್ಟೇಜ್ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಟ್ರಾನ್ಸ್‌ಫಾರ್ಮರ್‌ನಿಂದ ಆ ಮನೆ ಎಷ್ಟು ದೂರ, ಆ ಹೊತ್ತಿನಲ್ಲಿ ಲೈನಿನ ಮೇಲೆ ಎಷ್ಟು ಹೊರೆ ಎಂಬುದು. ವೋಲ್ಟೇಜ್ ತುಸು ಇಳಿದರೂ ಕಾವಿನ ಇಳಿಕೆ ದೊಡ್ಡದು. 230ರ ಬದಲು 200 ವೋಲ್ಟ್ ಬಂದರೆ 1500 ವಾಟ್‌ನ ಸುರುಳಿ ಸುಮಾರು 1130 ವಾಟ್‌ನಷ್ಟೇ ಕಾವು ಕೊಡುತ್ತದೆ, ಅಂದರೆ ಮುಕ್ಕಾಲು ಪಾಲು. ಯಂತ್ರ 160 ಡಿಗ್ರಿ ಮುಟ್ಟಿದ ಮೇಲೆ ಇದರ ಪರಿಣಾಮ ಕಡಿಮೆ, ಆದರೆ ಮುಟ್ಟುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಬುಟ್ಟಿ ತುಂಬಿದ್ದರೆ ಇನ್ನೂ ಹೆಚ್ಚು. ಬಲ್ಬು ಮಂಕಾಗಿ, ಫ್ಯಾನು ನಿಧಾನವಾಗಿ ತಿರುಗುವ ಸಂಜೆಗಳಲ್ಲಿ ಮೊದಲು ಕಾಯಿಸುವ ಸಮಯವನ್ನು ಎಂಟು ನಿಮಿಷಕ್ಕೆ ಏರಿಸಿ, ಬುಟ್ಟಿಗೆ ಹಾಕುವ ಪ್ರಮಾಣ ಇಳಿಸುವುದೇ ಉಪಾಯ. ಡಿಗ್ರಿಯನ್ನು ಏರಿಸಬಾರದು, ವೋಲ್ಟೇಜ್ ಮರಳಿದ ಕೂಡಲೇ ಅದು ತಿನಿಸನ್ನು ಸುಡುತ್ತದೆ. 1500 ವಾಟ್‌ನ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಅದನ್ನು ಬಲ್ಬು, ಟಿವಿಗೆ ಬಳಸುವ ಚಿಕ್ಕ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಹಾಕದೆ 16 ಆಂಪಿಯರ್‌ನ ದೊಡ್ಡ ಪ್ಲಗ್ಗಿಗೇ ಹಾಕಬೇಕು.

ಏರ್ ಫ್ರೈಯರ್ ಯಾವಾಗಲೂ ಕರೆಂಟು ಉಳಿಸುತ್ತದೆ ಎಂಬ ನಂಬಿಕೆಯನ್ನೂ ಇದೇ ನಾನ್‌ಖಟಾಯಿಯಿಂದ ಅಳೆಯಬಹುದು. ಐದಾರರಂತೆ ಮೂರು ಸರತಿ, ಕಾಯಿಸುವ ಸಮಯವೂ ಸೇರಿ ಸುಮಾರು 45 ನಿಮಿಷ. ಸುರುಳಿ ನಿಲ್ಲದೆ ಉರಿದರೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಅಷ್ಟೇ ವಾಟ್‌ನ ಓಟಿಜಿಯಲ್ಲಿ 16 ಬಿಸ್ಕತ್ತೂ ಒಂದೇ ಟ್ರೇಯಲ್ಲಿ ಹಿಡಿದರೆ, ಕಾಯಿಸಲು 10 ನಿಮಿಷ, ಬೇಯಲು 20 ನಿಮಿಷ, ಮುಕ್ಕಾಲು ಯೂನಿಟ್‌ಗೆ ಮುಗಿಯಿತು. ಎರಡರಲ್ಲೂ ಸುರುಳಿ ಆಗಾಗ ಆರಿ ಹತ್ತುವುದರಿಂದ ನಿಜವಾದ ಖರ್ಚು ಇದಕ್ಕಿಂತ ಕಡಿಮೆ, ಆದರೆ ಹೋಲಿಕೆ ತಲೆಕೆಳಗಾಗುವುದಿಲ್ಲ. ಇಬ್ಬರು ಮೂವರಿಗೆ ಸಾಕಾಗುವಷ್ಟು ಮಾಡುವಾಗ ಏರ್ ಫ್ರೈಯರ್ ಗೆಲ್ಲುತ್ತದೆ. ಹಬ್ಬಕ್ಕೆ ಎರಡು ಕಿಲೋ ಬಿಸ್ಕತ್ತು ಬೇಕಾದರೆ ಬುಟ್ಟಿಗೆ ಕಟ್ಟುಬಿದ್ದು ಅರ್ಧ ದಿನ ಕಳೆಯಬೇಕಾಗುತ್ತದೆ, ಅಂಥ ಕೆಲಸಕ್ಕೆ ಓವನ್ ಅಥವಾ ಬೇಕರಿಯ ಭಟ್ಟಿಯೇ ಮೇಲು.

ಹೆಸರಿನಲ್ಲಿ ಫ್ರೈ ಇರುವುದರಿಂದ ಎದ್ದ ಇನ್ನೊಂದು ಆಸೆಗೂ ಉತ್ತರ ಹೇಳಬೇಕು. ಒಗ್ಗರಣೆಯ ಜೊತೆ ಮಿರ್ಚಿ ಇಲ್ಲದೆ ನಮ್ಮ ಕಡೆ ಬೆಳಗಿನ ತಿಂಡಿ ಪೂರ್ತಿಯಾಗದು. ಹಾಗಾದರೆ ಮಿರ್ಚಿಯನ್ನೂ ಇದರಲ್ಲೇ ಮಾಡಿದರೆ ಎಣ್ಣೆ ಉಳಿಯಿತಲ್ಲ ಎನ್ನುವವರಿದ್ದಾರೆ. ಕಾದ ಎಣ್ಣೆ ಕಲಸಿದ ಕಡ್ಲಿಹಿಟ್ಟನ್ನು ಸುತ್ತಲೂ ಏಕಕಾಲಕ್ಕೆ ಅಪ್ಪಿಕೊಂಡು ಕೆಲವೇ ಕ್ಷಣಗಳಲ್ಲಿ ಗಟ್ಟಿ ಮಾಡುತ್ತದೆ. ಅಷ್ಟೇ ಡಿಗ್ರಿಯ ಗಾಳಿಗೆ ಆ ವೇಗದಲ್ಲಿ ಕಾವು ಕೊಡುವ ಶಕ್ತಿಯಿಲ್ಲ. ಕಲಸಿದ ಹಿಟ್ಟು ಗಟ್ಟಿಯಾಗುವ ಮುನ್ನವೇ ಬುಟ್ಟಿಯ ತೂತುಗಳಿಂದ ಕೆಳಗೆ ಸೋರುತ್ತದೆ, ಉಳಿದದ್ದು ಒಣ ಚಕ್ಕೆಯಾಗುತ್ತದೆ. ಹೀಗಾಗಿ ಬಾಣಲೆಯ ರೆಸಿಪಿಯನ್ನು ಏರ್ ಫ್ರೈಯರ್‌ಗೆ ತರುವ ಮುನ್ನ ಅದನ್ನು ಓವನ್‌ನಲ್ಲಿ ಮಾಡಲು ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಓವನ್‌ನಲ್ಲಿ ಆಗದ್ದು ಇಲ್ಲಿಯೂ ಆಗದು, ಏಕೆಂದರೆ ಎಲ್ಲ ಜಾಹೀರಾತುಗಳಾಚೆಗೆ ಇದು ಗಾಳಿ ಜೋರಾಗಿ ಬೀಸುವ ಚಿಕ್ಕ ಓವನ್ನೇ.

ಹಾಗಾದರೆ ರೆಸಿಪಿ ಮುಂದಿಟ್ಟುಕೊಂಡಾಗ ಮಾಡಬೇಕಾದ ಲೆಕ್ಕ ಇಷ್ಟು. ಬೆರಳಿನಷ್ಟು ತೆಳ್ಳಗಿದ್ದರೆ 20 ಡಿಗ್ರಿ, ಸಮಯದ ಐದನೇ ಒಂದು ಭಾಗ ಕಳೆಯಿರಿ. ದಪ್ಪವಿದ್ದು ಸುತ್ತಲೂ ಗಾಳಿ ಆಡುವಂತಿದ್ದರೆ 20 ಡಿಗ್ರಿ ಕಳೆದು, ಸಮಯದ ಉಳಿತಾಯವನ್ನು ಒಳಗೆ ಚುಚ್ಚಿ ನೋಡಿಯೇ ಒಪ್ಪಿಕೊಳ್ಳಿ. ಡಬ್ಬಿಯಲ್ಲಿದ್ದರೆ 30 ಡಿಗ್ರಿ ಕಳೆಯಿರಿ, ಸಮಯ ಮುಟ್ಟಬೇಡಿ, ಮೇಲೆ ಮುಚ್ಚಿ. ಮೇಲೆ ಕರಕು ಒಳಗೆ ಹಸಿ ಎಂದಾದರೆ ಮುಂದಿನ ಸಲ ಇಳಿಯಬೇಕಾದ್ದು ಹತ್ತು ಡಿಗ್ರಿ. ಬಣ್ಣವಿಲ್ಲದೆ ಗಟ್ಟಿಯಾದರೆ ಹತ್ತು ಡಿಗ್ರಿ ಏರಿಸಿ ಸಮಯ ಇಳಿಸಬೇಕು. ಒಂದೇ ಮಗ್ಗುಲು ಕೆಂಪಾದರೆ ತಪ್ಪು ಕಾವಿನದ್ದಲ್ಲ, ಎಲ್ಲೋ ಗಾಳಿ ಕಟ್ಟಿದೆ, ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸಿ, ನಡುವಿನ ಜಾಗ ಹೆಚ್ಚಿಸಿ. ಒಂದೊಂದು ಯಂತ್ರದ ಕಾವು ಒಂದೊಂದು ಬಗೆ, ತೋರಿಸುವ ಅಂಕಿಗೂ ಒಳಗಿನ ನಿಜಕ್ಕೂ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸವಿರುವುದು ಅಪರೂಪವಲ್ಲ. ಆದ್ದರಿಂದ ಮೊದಲ ಸಲ ಎರಡೇ ಬಿಸ್ಕತ್ತು ಹಾಕಿ ನೋಡಿ, ಚೆನ್ನಾಗಿ ಬಂದ ಡಿಗ್ರಿಯನ್ನೂ ನಿಮಿಷವನ್ನೂ ದಪ್ಪದೊಂದಿಗೆ ಸೇರಿಸಿ ರೆಸಿಪಿಯ ಪಕ್ಕದಲ್ಲೇ ಬರೆದಿಡಿ. ಮುಂದಿನ ಸಲ ಸೂತ್ರದ ಅಗತ್ಯ ಬೀಳುವುದಿಲ್ಲ.